ಈಸ್ಟರ್ ಮೊಟ್ಟೆಗೆ ಅಡುಗೆಮನೆಯ ಬಣ್ಣ, ಹಬ್ಬದೂಟಕ್ಕೆ ಸರಳ ಮೇಜು: ಗೋವಾದ ಕನ್ನಡ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಗಾಂವ್, ವಾಸ್ಕೊ, ಮಾಪ್ಸಾ ಕಡೆ ಇರುವ ನಮ್ಮವರು ಪ್ರತಿ ವರ್ಷ ಈಸ್ಟರ್ ಹತ್ತಿರ ಬಂದಾಗ ಇವೇ ಪ್ರಶ್ನೆ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ಅಳತೆಗಳು 8 ಜನರ ಊಟಕ್ಕೆ.

ಗೋವಾದಲ್ಲಿ ಮೊಟ್ಟೆಗೆ ಬಣ್ಣ ಹಾಕುವ ಪದ್ಧತಿ ಇದೆಯಾ?

ಇಲ್ಲಿನ ಬೇಕರಿಗಳಲ್ಲಿ ಈಸ್ಟರ್ ಮೊಟ್ಟೆ ಅಂದರೆ ಮಾರ್ಜಿಪಾನ್ ಮೊಟ್ಟೆ, ಇಲ್ಲವೇ ಚಾಕೊಲೇಟ್ ಮೊಟ್ಟೆ. ನಿಜವಾದ ಕೋಳಿ ಮೊಟ್ಟೆಗೆ ಬಣ್ಣ ಕಟ್ಟುವ ರೂಢಿ ಪೂರ್ವ ಯುರೋಪು ಮತ್ತು ಗ್ರೀಸ್ ಕಡೆ ಗಟ್ಟಿಯಾಗಿದೆ. ಹಿಂದೆ ಯುರೋಪಿನಲ್ಲಿ ಈಸ್ಟರ್ ಮುಂಚಿನ 40 ದಿನದ ಉಪವಾಸದಲ್ಲಿ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗಳು ಮಾತ್ರ ಇಡೋದು ಬಿಡಲಿಲ್ಲ! ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಬಣ್ಣ ಬರಿಸುವುದು ಅಲ್ಲಿನ ಹಳೇ ವಿಧಾನ. ನಮಗೂ ಅದೇ ಎಲ್ಲಕ್ಕಿಂತ ಸುಲಭ.

ಎಷ್ಟು ಬಣ್ಣ ಮಾಡಬೇಕು? ಯಾವ್ಯಾವುದರಿಂದ?

ಮೂರೇ ಸಾಕು: ಈರುಳ್ಳಿ ಸಿಪ್ಪೆ, ಅರಿಶಿನ, ನೇರಳೆ ಕ್ಯಾಬೇಜ್. ಸಿಪ್ಪೆಯಿಂದ ಇಟ್ಟಿಗೆ ಬಣ್ಣದಿಂದ ಹಿಡಿದು ಕಡುಗಂದು ತನಕ ಬರುತ್ತದೆ. ಅರಿಶಿನದಿಂದ ಹಳದಿ, ಕ್ಯಾಬೇಜಿನಿಂದ ನೀಲಿ. ಅರಿಶಿನ ಹಿಡಿದ ಮೊಟ್ಟೆಯನ್ನು ಒಣಗಿಸಿ ಕ್ಯಾಬೇಜ್ ನೀರಿಗೆ ಹಾಕಿದರೆ ಹಸಿರು. ಅಲ್ಲಿಗೆ ನಾಲ್ಕು ಬಣ್ಣ ಆಯಿತು. ಪಾಲಕ್, ಕ್ಯಾರೆಟ್, ಕೊತ್ತಂಬರಿ ರಸ ಅಂತ ಏನೇನೋ ಹೇಳುವವರಿದ್ದಾರೆ. ಅವುಗಳಿಂದ ಬರುವ ಬಣ್ಣ ಎಷ್ಟು ತೆಳು ಅಂದರೆ, ಬಣ್ಣ ಹಾಕಿದ್ದೇವೆ ಅಂತ ನಾವೇ ಹೇಳಬೇಕಾಗುತ್ತದೆ.

ಯಾವ ಮೊಟ್ಟೆ ತರಬೇಕು?

ಅಂಗಡಿಯ ಬಿಳಿ ಮೊಟ್ಟೆ. ಜವಾರಿ ಮೊಟ್ಟೆ (ಇಲ್ಲಿನವರ ಗಾವ್ಟಿ) ಕಂದು ಇರುವುದರಿಂದ ನೀಲಿ ಮತ್ತು ಹಳದಿ ಮಬ್ಬಾಗುತ್ತವೆ. ಸಿಪ್ಪೆಯ ಬಣ್ಣಕ್ಕೆ ಮಾತ್ರ ಅದೂ ಚೆಂದ. ನಾಲ್ಕೈದು ದಿನ ಮೊದಲೇ ತಂದು ಫ್ರಿಜ್‌ನಲ್ಲಿಡಿ. ತೀರಾ ತಾಜಾ ಮೊಟ್ಟೆ ಬೇಯಿಸಿದರೆ ಚಿಪ್ಪು ಬಿಳಿಭಾಗಕ್ಕೆ ಅಂಟಿಕೊಂಡು ಸುಲಿಯಲು ಬರುವುದಿಲ್ಲ.

ಅಳತೆ ಹೇಳಿ.

ಒಂದೊಂದು ಬಣ್ಣಕ್ಕೆ 1 ಲೀಟರ್ ನೀರು. 5-6 ಮೊಟ್ಟೆ ಮುಳುಗಲು ಅಷ್ಟು ಸಾಕು.

ಈರುಳ್ಳಿಗೆ 10-12 ದೊಡ್ಡ ಈರುಳ್ಳಿಯ ಒಣ ಸಿಪ್ಪೆ ಬೇಕು, ಎರಡು ಬೊಗಸೆ ತುಂಬ. ಅಷ್ಟು ಈರುಳ್ಳಿ ಯಾರು ಹೆಚ್ಚುತ್ತಾರೆ? ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಾರುವವರ ಚೀಲದ ತಳದಲ್ಲಿ ಉದುರಿದ ಸಿಪ್ಪೆ ಇರುತ್ತದೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಕಪ್ಪು ಪುಡಿ ಹತ್ತಿದ ಸಿಪ್ಪೆ ಬಿಸಾಡಿ, ಅದು ಬೂಷ್ಟು. ಉಳಿದದ್ದನ್ನು ತೊಳೆದು 30 ನಿಮಿಷ ಕುದಿಸಿ ಸೋಸಿ.

ಅರಿಶಿನಪುಡಿ 3 ದೊಡ್ಡ ಚಮಚ, 15 ನಿಮಿಷ ಕುದಿ. ಆಮೇಲೆ ಹಾಗೇ ಬಿಟ್ಟರೆ ಪುಡಿ ತಳಕ್ಕೆ ಇಳಿಯುತ್ತದೆ. ಮೇಲಿನ ನೀರನ್ನು ಮಾತ್ರ ಬಟ್ಟೆಯಲ್ಲಿ ಸೋಸಿಕೊಳ್ಳಿ. ಅರಿಶಿನ ನೀರಿನಲ್ಲಿ ಪೂರ್ತಿ ಕರಗುವ ವಸ್ತುವಲ್ಲ. ಸೋಸದಿದ್ದರೆ ಮೊಟ್ಟೆಯ ಮೇಲೆ ಪುಡಿ ಕೂತು ಚುಕ್ಕೆ ಚುಕ್ಕೆ ಆಗುತ್ತದೆ.

ನೇರಳೆ ಕ್ಯಾಬೇಜ್ ಅರ್ಧ ಸಾಕು. ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ 30 ನಿಮಿಷ ಕುದಿಸಿ ಸೋಸಿ.

ಮೂರಕ್ಕೂ ಪೂರ್ತಿ ತಣಿದ ಮೇಲೆ 2 ದೊಡ್ಡ ಚಮಚ ವಿನೆಗರ್. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯುಮಿನಿಯಂ ಮತ್ತು ಕಬ್ಬಿಣ ಈ ಬಣ್ಣಗಳ ಜೊತೆ ಬೆರೆತು ಛಾಯೆ ಕೆಡಿಸುತ್ತವೆ.

ವಿನೆಗರ್ ಹಾಕಿದ ತಕ್ಷಣ ಕ್ಯಾಬೇಜ್ ನೀರು ಗುಲಾಬಿ ಆಯಿತು. ಕೆಟ್ಟಿತಾ?

ಇಲ್ಲ. ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಪಾಪ, ಕೆಲವರು ಆ ನೀರನ್ನು ಚೆಲ್ಲಿಯೂ ಬಿಡುತ್ತಾರೆ.

ಕ್ಯಾಬೇಜಿನ ಬಣ್ಣಕ್ಕೆ ಕಾರಣ ಆಂಥೋಸಯಾನಿನ್ ಅನ್ನುವ ವಸ್ತು. ಹುಳಿ ಸಿಕ್ಕರೆ ಅದು ಗುಲಾಬಿ ಆಗುತ್ತದೆ. ಹುಳಿ ಕಡಿಮೆಯಾಗುತ್ತ ಹೋದಂತೆ ನೇರಳೆ, ಆಮೇಲೆ ನೀಲಿ. ಸೋಡಾದಂಥ ಕ್ಷಾರ ಬೆರೆತರೆ ಹಸಿರಿನ ಕಡೆ ತಿರುಗುತ್ತದೆ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಜಾತಿ. ಹುಳಿ ನೀರು ಚಿಪ್ಪಿಗೆ ತಾಗಿದ ಜಾಗದಲ್ಲಿ ಹುಳಿ ತಣ್ಣಗಾಗುತ್ತದೆ. ಹಾಗಾಗಿ ಪಾತ್ರೆಯೊಳಗಿನ ನೀರು ಗುಲಾಬಿ ಇದ್ದರೂ ಚಿಪ್ಪಿನ ಮೇಲೆ ಕೂರುವ ಬಣ್ಣ ನೀಲಿ.

ನಂಬಿಕೆ ಬರದಿದ್ದರೆ ಮುರಿದ ಬಿಳಿ ಚಿಪ್ಪಿನ ಚೂರನ್ನು ಆ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ತೆಳು ನೀಲಿ ಕಾಣಿಸಬೇಕು. ಒಂದು ವಿಷಯ ನೆನಪಿರಲಿ, ಒದ್ದೆ ಇದ್ದಾಗ ಈ ಬಣ್ಣ ಬೂದಿಬೂದಿಯಾಗಿ ಕಾಣುತ್ತದೆ. ಒಣಗಿದ ಮೇಲೇ ನಿಜವಾದ ನೀಲಿ ಬರುವುದು.

ವಿನೆಗರ್ ಯಾಕೆ ಬೇಕು? ಇನ್ನೂ ಸ್ವಲ್ಪ ಹಾಕಿದರೆ ಬಣ್ಣ ಗಾಢ ಆಗುತ್ತಾ?

ಆಗುವುದಿಲ್ಲ, ಕೆಡುತ್ತದೆ. ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ. ವಿನೆಗರ್ ಅದನ್ನು ಸಡಿಲಿಸಿ ಚಿಪ್ಪನ್ನು ಕೊಂಚ ಒರಟು ಮಾಡುತ್ತದೆ, ಆಗ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಹುಳಿ ಜಾಸ್ತಿಯಾದರೆ ಚಿಪ್ಪೇ ಕರಗಲು ಶುರು. ಮೊಟ್ಟೆಯ ಸುತ್ತ ಸಣ್ಣ ಗುಳ್ಳೆ ಎದ್ದು ಮೇಲೆ ಬರುತ್ತಲೇ ಇದ್ದರೆ ಹುಳಿ ಮೀರಿದೆ ಅಂತ ತಿಳಿಯಿರಿ. ಅರ್ಧ ಕಪ್ ನೀರು ಬೆರೆಸಿ. ಹಾಗೇ ಬಿಟ್ಟರೆ ಚಿಪ್ಪಿನ ಮೇಲ್ಪದರ ಬಣ್ಣದ ಸಮೇತ ಪುಡಿಪುಡಿಯಾಗಿ ಕೈಗೆ ಬರುತ್ತದೆ.

ಗೋವಾದ ತೆಂಗಿನ ಕಳ್ಳಿನ ವಿನೆಗರ್ ಧಾರಾಳವಾಗಿ ಬಳಸಬಹುದು. ಅದರ ಮಬ್ಬು ಬಣ್ಣದಿಂದ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಮಾಡಿದ್ದರ ಹುಳಿ ಒಂದೇ ಥರ ಇರುವುದಿಲ್ಲ. ಮೊದಲು 2 ಚಮಚ ಹಾಕಿ, ಗುಳ್ಳೆ ನೋಡಿಕೊಂಡು ಮುಂದುವರಿಯಿರಿ.

ಕೋಕಂ ಎಷ್ಟು ಕೆಂಪು! ಅದನ್ನೇ ಬಳಸಬಾರದಾ?

ಗೋವಾದಲ್ಲಿ ಇದ್ದವರಿಗೆ ಮೊದಲು ಹೊಳೆಯುವುದೇ ಇದು. ಬೇಡ. ಕೋಕಂನ ಕೆಂಪೂ ಆಂಥೋಸಯಾನಿನ್ನೇ, ಆದರೆ ಜೊತೆಗೆ ವಿಪರೀತ ಹುಳಿ. ಬಣ್ಣ ಹಿಡಿಯುವ ಮೊದಲೇ ಚಿಪ್ಪು ತಿನ್ನಿಸಿಕೊಳ್ಳುತ್ತದೆ. ಮೇಲೆ ಹೇಳಿದ ಕಾರಣಕ್ಕೆ ಆ ಕೆಂಪು ಚಿಪ್ಪಿನ ಮೇಲೆ ಕೆಂಪಾಗಿ ನಿಲ್ಲುವುದೂ ಇಲ್ಲ. ಕೋಕಂ ಶರಬತ್ತಿಗಿರಲಿ.

ದಾಸವಾಳದ ಕಥೆಯೂ ಹೆಚ್ಚುಕಡಿಮೆ ಅದೇ. ಕೆಂಪು ಹೂ ಕುದಿಸಿದರೂ ಮೊಟ್ಟೆಗೆ ಬರುವುದು ಬೂದುಬಣ್ಣ ಬೆರೆತ ನೀಲಿ. ಅದು ಇಷ್ಟವಾದರೆ ಮಾಡಿ.

ಬೀಟ್ರೂಟ್ ಬೇರೆ ಜಾತಿಯ ಬಣ್ಣ. ಅದರ ಕೆಂಪು ಬಿಸಿಗೆ ಕಂದುಗಟ್ಟುತ್ತದೆ. ತಣ್ಣಗಿನ ರಸದಲ್ಲಿ ನೆನೆಸಿದರೆ ತಿಳಿ ಗುಲಾಬಿ ಬರುತ್ತದೆ, ಆದರೆ ಬೇಗ ಮಾಸುತ್ತದೆ. ಗುಲಾಬಿ ಬೇಕೇ ಬೇಕು ಅಂತ ಮಕ್ಕಳು ಹಟ ಮಾಡಿದರೆ ಮಾತ್ರ ಎರಡು ಮೊಟ್ಟೆ ಮಾಡಿಕೊಡಿ.

ಯಾವ ದಿನ ಯಾವ ಕೆಲಸ? ಒಂದು ಲೆಕ್ಕ ಕೊಡಿ.

8 ಜನರಿಗೆ ತಿನ್ನಲು 12 ಮೊಟ್ಟೆ, ಮೇಜಿನ ಅಲಂಕಾರಕ್ಕೆ 6 ಖಾಲಿ ಚಿಪ್ಪು ಅಂದುಕೊಳ್ಳಿ. ಒಟ್ಟು 18. ಒಂದೆರಡು ಒಡೆಯುತ್ತವೆ, 20 ತನ್ನಿ.

ಎಲ್ಲ ಕೆಲಸ ಶನಿವಾರಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆ 9ಕ್ಕೆ ಮೂರೂ ಬಣ್ಣ ಒಲೆ ಮೇಲೆ. ಅವು ಕುದಿಯುವಾಗ 6 ಮೊಟ್ಟೆ ಖಾಲಿ ಮಾಡಿಬಿಡಿ, ವಿಧಾನ ಮುಂದೆ ಇದೆ. ಹತ್ತೂವರೆಗೆ 12 ಮೊಟ್ಟೆ ಬೇಯಿಸಿ. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ಹೊರಗಿಟ್ಟಿರಬೇಕು, ಇಲ್ಲದಿದ್ದರೆ ಬಿರಿಯುತ್ತವೆ. ತಣ್ಣೀರಲ್ಲಿ ಒಂದೇ ಪದರವಾಗಿ ಜೋಡಿಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ. ಆಮೇಲೆ ತಣ್ಣೀರಿಗೆ ಹಾಕಿ.

ಬಣ್ಣದ ನೀರಲ್ಲೇ ಮೊಟ್ಟೆ ಬೇಯಿಸಿದರೆ ಒಂದು ಕೆಲಸ ಉಳಿಯುತ್ತದಲ್ವಾ ಅಂತ ಕೇಳುತ್ತಾರೆ. ಈರುಳ್ಳಿ ಸಿಪ್ಪೆಯಲ್ಲಿ ಹಾಗೆ ಮಾಡುವ ರೂಢಿ ಇದೆ. ಆದರೆ ಬಣ್ಣ ಬರಲಿ ಅಂತ ಅರ್ಧ ಗಂಟೆ ಕುದಿಸಿದರೆ ಬಿಳಿಭಾಗ ರಬ್ಬರಿನಂತಾಗುತ್ತದೆ, ಹಳದಿಯ ಸುತ್ತ ಹಸಿರು ಗೆರೆ ಬರುತ್ತದೆ. ಬಿಳಿಭಾಗದ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಆಗುವ ಗೆರೆ ಅದು. ಅಪಾಯವಿಲ್ಲ, ರುಚಿಯೂ ಇಲ್ಲ. ಮೊಟ್ಟೆ ಬೇರೆ ಬೇಯಿಸಿ, ಬಣ್ಣ ತಣ್ಣಗೆ ಹಿಡಿಸುವುದೇ ನನಗೆ ಸರಿ ಅನಿಸುವುದು.

ಹನ್ನೆರಡಕ್ಕೆ ಮೊಟ್ಟೆ ಬಣ್ಣಕ್ಕೆ ಇಳಿಯಲಿ. ಸಿಪ್ಪೆಯ ನೀರಿಗೆ 4, ಕ್ಯಾಬೇಜಿಗೆ 4, ಅರಿಶಿನಕ್ಕೆ 4. ಮೂರೂ ಪಾತ್ರೆ ಫ್ರಿಜ್‌ಗೆ. ಅರಿಶಿನದಲ್ಲಿರುವ ಎರಡನ್ನು ಅರ್ಧ ಗಂಟೆಗೆ ತೆಗೆದು ಒಣಗಿಸಿ ಕ್ಯಾಬೇಜ್ ನೀರಿಗೆ ಸೇರಿಸಿ, ಅವು ಸಂಜೆಯೊಳಗೆ ಹಸಿರಾಗುತ್ತವೆ. ಸಿಪ್ಪೆ ಮತ್ತು ಅರಿಶಿನದವನ್ನು ಎರಡು ಗಂಟೆಗೆ ತೆಗೆಯಬಹುದು. ಆ ನೀರಿಗೆ ಖಾಲಿ ಚಿಪ್ಪುಗಳ ಸರದಿ. ನೀಲಿಗೆ ಆತುರ ಸಲ್ಲದು. ಒಂದು ಗಂಟೆಗೆ ಆಕಾಶನೀಲಿ, ಎಂಟು ಗಂಟೆಗೆ ಗಾಢ ನೀಲಿ. ರಾತ್ರಿ ಪೂಜೆಗೆ ಚರ್ಚಿಗೆ ಹೋಗಿ ಬಂದು ತೆಗೆದರೆ ಸರಿಹೋಗುತ್ತದೆ.

ಒಣಗಿಸುವುದು ಹೇಗೆ?

ಒರೆಸಬೇಡಿ. ಚಮಚದಿಂದ ಎತ್ತಿ, ಸೋಡಾ ಬಾಟಲಿಯ ಮುಚ್ಚಳವನ್ನು ಬೋರಲು ಹಾಕದೆ ನೆಟ್ಟಗಿಟ್ಟು ಅದರ ಅಂಚಿನ ಮೇಲೆ ಕೂರಿಸಿ. ಮೊಟ್ಟೆಯ ರಟ್ಟಿನ ಟ್ರೇನಲ್ಲಿಟ್ಟರೆ ತಾಗಿದ ಕಡೆಯೆಲ್ಲ ಮಚ್ಚೆ ಬೀಳುತ್ತದೆ. ಫ್ಯಾನ್ ಕೆಳಗೆ ಅರ್ಧ ಗಂಟೆ ಸಾಕು. ಬಿಸಿಲಿಗೆ ಬೇಡ, ಅರಿಶಿನ ಬಿಸಿಲಿಗೆ ಮಾಸುತ್ತದೆ. ಪೂರ್ತಿ ಒಣಗಿದ ಮೇಲೆ ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ಸವರಿ. ಹೊಳಪು ಬರುತ್ತದೆ. ಆ ಎಣ್ಣೆಗೆ ಇನ್ನೊಂದು ಕೆಲಸವೂ ಇದೆ, ಮುಂದೆ ನೋಡಿ.

ಫ್ರಿಜ್‌ನಿಂದ ತೆಗೆದಿಟ್ಟ ಮೊಟ್ಟೆಯಿಂದ ಬಣ್ಣ ಸೋರಿ ಮೇಜಿನ ಬಟ್ಟೆ ನೀಲಿ ಆಯಿತು. ಯಾಕೆ?

ಏಪ್ರಿಲ್‌ನ ಗೋವಾ ಗಾಳಿ! ತಣ್ಣಗಿನ ಮೊಟ್ಟೆ ಹೊರಗೆ ಬಂದ ಕೂಡಲೇ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಈ ಬಣ್ಣಗಳು ಚಿಪ್ಪಿನ ಮೇಲ್ಮೈಯಲ್ಲಷ್ಟೇ ಕೂತಿರುತ್ತವೆ, ಹನಿಯ ಜೊತೆ ಜಾರುತ್ತವೆ. ಕ್ಯಾಬೇಜಿನ ನೀಲಿಗೆ ಈ ಕಾಟ ಜಾಸ್ತಿ, ಈರುಳ್ಳಿಯದಕ್ಕೆ ಕಡಿಮೆ. ವಿದೇಶದವರು ಬರೆದ ವಿಧಾನಗಳಲ್ಲಿ ಇದರ ಮಾತೇ ಬರುವುದಿಲ್ಲ, ಅವರ ಈಸ್ಟರ್ ಚಳಿಯಲ್ಲಿ ಬರುತ್ತದೆ.

ಉಪಾಯ ಇಷ್ಟೇ. ಒಣಗಿದ ಮೊಟ್ಟೆಗೆ ಎಣ್ಣೆ ಸವರಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಇಡಿ. ಊಟದ ಹೊತ್ತಿಗೆ ಡಬ್ಬಿಯನ್ನು ಮುಚ್ಚಿದಂತೆಯೇ ಹೊರತೆಗೆದು 15-20 ನಿಮಿಷ ಬಿಡಿ. ಹನಿ ಡಬ್ಬಿಯ ಹೊರಗೆ ಕಟ್ಟುತ್ತದೆ, ಒಳಗಿನ ಮೊಟ್ಟೆಗಲ್ಲ. ಆದರೂ ಹನಿ ಕಂಡರೆ ಮುಟ್ಟಬೇಡಿ, ತಾನೇ ಆರಲಿ.

ಮೇಜಿನ ಮೇಲೆ ಎಷ್ಟು ಹೊತ್ತು ಇಡಬಹುದು?

ಬೆಂದ ಮೊಟ್ಟೆ ಫ್ರಿಜ್‌ನ ಹೊರಗೆ ಎರಡು ಗಂಟೆ ಮೀರಬಾರದು. ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಇಲ್ಲಿ ಈಸ್ಟರ್ ಮಧ್ಯಾಹ್ನ ಅಂದರೆ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ. ಬೆಂದ ಮೊಟ್ಟೆಯ ಚಿಪ್ಪು ಗಟ್ಟಿ ಇದ್ದರೂ ಕಾವಲು ಪೊರೆ ಹೋಗಿರುತ್ತದೆ. ಅದಕ್ಕೇ ಬೆಳಗ್ಗೆಯಿಂದ ಅಲಂಕಾರಕ್ಕೆ ಇಡುವುದು ಖಾಲಿ ಚಿಪ್ಪು, ತಿನ್ನುವ ಮೊಟ್ಟೆ ಬರುವುದು ಊಟದ ಜೊತೆಗೆ. ಫ್ರಿಜ್‌ನಲ್ಲಿ ಇದ್ದವು ವಾರದೊಳಗೆ ಮುಗಿಯಬೇಕು.

ಖಾಲಿ ಚಿಪ್ಪು ಮಾಡುವುದು ಹೇಗೆ?

ಹಸಿ ಮೊಟ್ಟೆ ತೊಳೆದು, ದಪ್ಪ ಸೂಜಿಯಿಂದ ಎರಡೂ ತುದಿಗೆ ತೂತು ಮಾಡಿ. ಅಗಲದ ತುದಿಯ ತೂತು ಶೇಂಗಾ ಬೀಜದ ಅರ್ಧದಷ್ಟಿರಲಿ. ಸೂಜಿ ಒಳಗೆ ತಿರುಗಿಸಿ ಹಳದಿ ಒಡೆಯಿರಿ. ಬಾಯಿ ಹಚ್ಚಿ ಊದಬೇಡಿ, ಹಸಿ ಮೊಟ್ಟೆಯಲ್ಲಿ ರೋಗಾಣು ಇರಬಹುದು. ಔಷಧಿ ಅಂಗಡಿಯ ಹೊಸ ಸಿರಿಂಜ್ ತಂದು, ಸೂಜಿ ತೆಗೆದು, ಮೇಲಿನ ತೂತಿಗೆ ಒತ್ತಿ ಗಾಳಿ ನೂಕಿ. ಎಲ್ಲ ಬಟ್ಟಲಿಗೆ ಇಳಿಯುತ್ತದೆ. ನೀರು ಹಾಕಿ ತೊಳೆದು ಬೋರಲಿಡಿ.

ಖಾಲಿ ಚಿಪ್ಪು ಬಣ್ಣದ ನೀರಲ್ಲಿ ತೇಲುತ್ತದೆ, ಒಂದು ಕಡೆ ಬಿಳಿ ಉಳಿಯುತ್ತದೆ. ಅದೇ ಸಿರಿಂಜಿನಿಂದ ಒಳಗೆ ಬಣ್ಣದ ನೀರು ತುಂಬಿದರೆ ಮುಳುಗುತ್ತದೆ. ಇಳಿಸಿದ 6 ಮೊಟ್ಟೆ ಆವತ್ತೇ ಆಮ್ಲೆಟ್ ಮಾಡಿ. ಮೇಲೆ ಶಾಕುತಿ ಗ್ರೇವಿ ಸುರಿದು ಪಾವ್ ಜೊತೆ ಕೊಟ್ಟರೆ ಗೋವಾದ ರೊಸ್ ಆಮ್ಲೆಟ್, ಶನಿವಾರದ ಊಟಕ್ಕೆ ಬೇರೆ ಏನೂ ಬೇಡ.

ಎಲೆಯ ಅಚ್ಚು ಮೂಡಿಸುವುದು?

ಕೊತ್ತಂಬರಿ ಎಲೆ ಎಲ್ಲಕ್ಕಿಂತ ಚೆನ್ನ. ತೆಳು ಇರುವುದರಿಂದ ಚಿಪ್ಪಿಗೆ ಅಂಟಿ ಕೂರುತ್ತದೆ. ಕರಿಬೇವು ದಪ್ಪ, ಅಂಚಿನಡಿ ಬಣ್ಣ ನುಗ್ಗುತ್ತದೆ. ಎಲೆಯನ್ನು ಒದ್ದೆ ಮಾಡಿ ಮೊಟ್ಟೆಗೆ ಅಂಟಿಸಿ, ಸ್ಕೂಟರ್ ಓಡಿಸುವಾಗ ಹೆಣ್ಣುಮಕ್ಕಳು ಹಾಕಿಕೊಳ್ಳುವ ಚರ್ಮದ ಬಣ್ಣದ ತೆಳು ನೈಲಾನ್ ಸಾಕ್ಸ್ ಇರುತ್ತದಲ್ಲ, ಹೊಸದೊಂದನ್ನು ತುಂಡು ಮಾಡಿ ಅದರೊಳಗೆ ಬಿಗಿಯಾಗಿ ಕಟ್ಟಿ. ಈರುಳ್ಳಿ ಬಣ್ಣದಲ್ಲಿ ಅಚ್ಚು ಸ್ಪಷ್ಟವಾಗಿ ಏಳುತ್ತದೆ. ಹಳದಿಯಲ್ಲಿ ಕಾಣುವುದೇ ಕಷ್ಟ.

ಮೊಟ್ಟೆಯಲ್ಲಿ ಅಲ್ಲಲ್ಲಿ ಬಣ್ಣ ಹಿಡಿದಿಲ್ಲ.

ಕೈಯ ಜಿಡ್ಡು ತಾಗಿರುತ್ತದೆ, ಇಲ್ಲವೇ ಮೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಬೆಂದ ಮೇಲೆ ವಿನೆಗರ್ ಹಚ್ಚಿದ ಬಟ್ಟೆಯಿಂದ ಒಮ್ಮೆ ಒರೆಸಿ ಬಣ್ಣಕ್ಕೆ ಬಿಡಿ, ಗಂಟೆಗೊಮ್ಮೆ ಚಮಚದಿಂದ ತಿರುಗಿಸಿ.

ಒಳಗೂ ಬಣ್ಣ ಇಳಿದಿದೆ, ತಿನ್ನಬಹುದಾ?

ಬಿರುಕಿನಿಂದ ಇಳಿದಿರುತ್ತದೆ. ಹಾಕಿದ್ದೆಲ್ಲ ಅಡುಗೆ ಸಾಮಾನೇ, ತಿನ್ನಿ. ಆದರೆ ಬಿರುಕು ಬಿಟ್ಟದ್ದನ್ನು ಮೊದಲು ಮುಗಿಸಿ, ಇಟ್ಟುಕೊಳ್ಳಬೇಡಿ.

ಮೇಜು ಹೇಗೆ ಅಲಂಕರಿಸಲಿ? ಜಾಸ್ತಿ ಖರ್ಚು ಬೇಡ.

ಒಂದು ಬಟ್ಟೆ, ಒಂದು ಹಸಿರು, ಮೊಟ್ಟೆ. ಅಷ್ಟು ಸಾಕು.

ಬಟ್ಟೆ ಬಿಳಿ ಹತ್ತಿಯದು, ಹಳೇ ಪಂಚೆಯಾದರೂ ನಡೆಯುತ್ತದೆ. ನೀಲಿ, ಕಂದು ಮೊಟ್ಟೆ ಅದರ ಮೇಲೆ ಎದ್ದು ಕಾಣುತ್ತವೆ. ಮೇಜಿನ ನಡುವೆ ಉದ್ದಕ್ಕೆ ಗೋವಾದ ಕುಣಬಿ ಸೀರೆಯ ಕೆಂಪು ಚೌಕಳಿ ಬಟ್ಟೆ ಹಾಸುವವರೂ ಇದ್ದಾರೆ. ಹಾಗಿದ್ದರೆ ಮೊಟ್ಟೆಯನ್ನು ಬಿಳಿ ತಟ್ಟೆಯಲ್ಲಿಡಿ, ಇಲ್ಲವಾದರೆ ಚೌಕಳಿಯಲ್ಲಿ ಕಳೆದುಹೋಗುತ್ತವೆ.

ಹಸಿರಿಗೆ ಗೋಧಿ ಸಸಿ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನವರಾತ್ರಿಯಲ್ಲಿ ಘಟ್ಟ ಹಾಕುವಾಗ ಬೆಳೆಸುತ್ತೀರಲ್ಲ, ಅದೇ. ಗರಿಗಳ ಭಾನುವಾರದ ಹಿಂದಿನ ರಾತ್ರಿ ಒಂದು ಹಿಡಿ ಗೋಧಿ ನೆನೆಸಿ, ಮರುದಿನ ಅಗಲದ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಬಿತ್ತಿ. ಘಟ್ಟದ ಸಸಿ ಕತ್ತಲಲ್ಲಿ ಹಳದಿಯಾಗಿ ಬೆಳೆಯುತ್ತದೆ. ಇಲ್ಲಿ ಹಸಿರು ಬೇಕು, ಆದ್ದರಿಂದ ಮೊಳಕೆ ಕಂಡ ಮೇಲೆ ಕಿಟಕಿಯ ಬೆಳಕಿಗಿಡಿ. ನೀರು ಚಿಮುಕಿಸಿದರೆ ಸಾಕು, ನಿಂತರೆ ಈ ಸೆಖೆಗೆ ಬೂಷ್ಟು ಹಿಡಿಯುತ್ತದೆ. ಈಸ್ಟರ್ ಹೊತ್ತಿಗೆ ಬೆರಳುದ್ದ ಬಂದಿರುತ್ತದೆ. ಖಾಲಿ ಚಿಪ್ಪುಗಳನ್ನು ಅದರ ನಡುವೆ ಇಟ್ಟರೆ ಫ್ಯಾನ್ ಗಾಳಿಗೂ ಉರುಳುವುದಿಲ್ಲ.

ಹೂವಿಗೆ ಕನಕಾಂಬರ ಒಳ್ಳೆಯದು. ವಾಸನೆ ಇಲ್ಲ, ಬಣ್ಣ ನೀಲಿ ಮೊಟ್ಟೆಗೆ ಒಪ್ಪುತ್ತದೆ. ಮಲ್ಲಿಗೆ ಊಟದ ಮೇಜಿಗೆ ಬೇಡ, ಸಾರಿನ ಘಮವನ್ನೇ ನುಂಗುತ್ತದೆ. ಕಣಗಿಲೆ ಮಾತ್ರ ಖಂಡಿತ ಬೇಡ. ಅಂಗಳದಲ್ಲಿ ಚೆಂದ ಬಿಟ್ಟಿರುತ್ತದೆ ನಿಜ, ಆದರೆ ಗಿಡವೆಲ್ಲ ವಿಷ.

ಊಟಕ್ಕೆ ಏನು ಮಾಡಲಿ?

ಬಣ್ಣದ ಮೊಟ್ಟೆ ಹೊಟ್ಟೆ ತುಂಬಿಸುವುದಕ್ಕಲ್ಲ. ಒಬ್ಬೊಬ್ಬರು ಒಂದು ತೆಗೆದುಕೊಂಡು ಎದುರಿನವರ ಮೊಟ್ಟೆಗೆ ಕುಟ್ಟಿ, ಯಾರದು ಒಡೆಯುವುದಿಲ್ಲ ಅಂತ ನೋಡುವ ಆಟ ಗ್ರೀಸ್‌ನಲ್ಲಿದೆ. ಮಕ್ಕಳಿಗೆ ಅದು ಬಲು ಇಷ್ಟ. ಸುಲಿದದ್ದಕ್ಕೆ ಉಪ್ಪು, ಮೆಣಸಿನಪುಡಿ. ಉಳಿದ ಊಟ ಕೋಳಿ ಶಾಕುತಿ, ಅಂಗಡಿಯ ಸನ್ನ, ಮಾವಿನಕಾಯಿ ಚಿತ್ರಾನ್ನ, ಸೌತೆಕಾಯಿ ಕೋಸಂಬರಿ, ಕೋಕಂ ಶರಬತ್ತು. ಸಿಹಿಗೆ ಬೇಕರಿಯ ಬೆಬಿಂಕ. ಮಾನ್ಕುರಾದ್ ಮಾವು ಕೈಗೆಟಕುವ ಬೆಲೆಗೆ ಸಿಕ್ಕರೆ ಬೆಬಿಂಕವೂ ಬೇಡ.

ಮೊಟ್ಟೆ ಮುಟ್ಟದ ನೆಂಟರು ಬರುತ್ತಾರೆ. ಏನು ಮಾಡಲಿ?

ಮೊಟ್ಟೆಯ ತಟ್ಟೆಯನ್ನು ಪಕ್ಕದ ಸಣ್ಣ ಮೇಜಿಗೆ ಹಾಕಿ, ಊಟದ ಮೇಜಿನ ಮೇಲೆ ಬರೀ ಗೋಧಿ ಸಸಿ ಮತ್ತು ಹೂ ಇಡಿ. ಖಾಲಿ ಚಿಪ್ಪಾದರೂ ಕೆಲವರಿಗೆ ಇರುಸುಮುರುಸು. ಬೆಬಿಂಕದಲ್ಲಿ ಮೊಟ್ಟೆ ಇರುತ್ತದೆ, ಅದನ್ನು ಮೊದಲೇ ಹೇಳಿ. ಅವರಿಗೆ ಮಾವಿನಹಣ್ಣು ಕೊಡಿ.

ಬಟ್ಟೆಗೆ, ಅಡುಗೆ ಕಟ್ಟೆಗೆ ಅರಿಶಿನ ಬಿದ್ದರೆ?

ಸೋಪು ಹಾಕಿದ ತಕ್ಷಣ ಕೆಂಪಾಗುತ್ತದೆ, ಗಾಬರಿ ಬೇಡ. ಕ್ಷಾರಕ್ಕೆ ಅರಿಶಿನ ಹಾಗೇ ತಿರುಗುವುದು. ಬಟ್ಟೆ ಒಗೆದು ಕಡುಬಿಸಿಲಿಗೆ ಹಾಕಿ, ಎರಡು ಮೂರು ಬಿಸಿಲಿಗೆ ಹೋಗುತ್ತದೆ. ಕಟ್ಟೆಯ ಮೇಲೆ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಮೊದಲೇ ಹಳೇ ಪೇಪರ್ ಹಾಸಿಕೊಳ್ಳಿ.

ಉಳಿದ ಬಣ್ಣದ ನೀರು?

ಈರುಳ್ಳಿಯದು ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ, ಇನ್ನೊಂದು ಸುತ್ತು ಮೊಟ್ಟೆಗೆ ಬರುತ್ತದೆ. ಕ್ಯಾಬೇಜ್ ನೀರು ಮರುದಿನಕ್ಕೇ ವಾಸನೆ ಹೊಡೆಯುತ್ತದೆ, ಚೆಲ್ಲಿಬಿಡಿ.